ಲ್ಯಾಸಿಕ್ಸ್ ನುಂಗಿದವರಲ್ಲಿ ಕಿಡ್ನಿ ಕೈಕೊಟ್ಟಾಗ: ಎಫ್‌ಇ ಸೋಡಿಯಂ, ಎಫ್‌ಇ ಯೂರಿಯಾ ಲೆಕ್ಕ ಹಾಕಿ ಓದುವ ಬಗೆ

ಮೂರು ದಿನ ಭೇದಿಯಾಗಿ, ಮೂತ್ರ ಕಡಿಮೆಯಾಗಿ ಒಬ್ಬರು ವಾರ್ಡಿಗೆ ಬರುತ್ತಾರೆ. ಕ್ರಿಯಾಟಿನಿನ್ ಮೂರು ದಾಟಿರುತ್ತದೆ. ಆಗ ತಲೆಗೆ ಬರಬೇಕಾದ ಪ್ರಶ್ನೆ ಒಂದೇ. ಕಿಡ್ನಿಗೆ ರಕ್ತ ಸಾಲದೆ, ಸಿಕ್ಕ ಉಪ್ಪು ನೀರನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತಿದೆಯಾ? ಅಥವಾ ಕಿಡ್ನಿಯ ಒಳಗಿನ ನಾಳಗಳೇ ಪೆಟ್ಟು ತಿಂದು, ಹಿಡಿದಿಡುವ ಶಕ್ತಿಯನ್ನೇ ಕಳೆದುಕೊಂಡಿವೆಯಾ?

ಮೊದಲನೆಯದಕ್ಕೆ ಪ್ರೀರೀನಲ್ ಅಂತೀವಿ. ಎರಡನೆಯದಕ್ಕೆ ಅಕ್ಯೂಟ್ ಟ್ಯೂಬ್ಯುಲರ್ ನೆಕ್ರೋಸಿಸ್, ಚಿಕ್ಕದಾಗಿ ಎಟಿಎನ್. ಪ್ರೀರೀನಲ್ ಆದರೆ ಸಲೈನ್ ಕೊಟ್ಟರೆ ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಇಳಿಯುತ್ತದೆ. ಎಟಿಎನ್ ಆಗಿದ್ದಾಗ ಅದೇ ಧಾಟಿಯಲ್ಲಿ ಬಾಟಲಿ ಮೇಲೆ ಬಾಟಲಿ ಹಾಕಿದರೆ ನೀರು ಹೊರಗೆ ಹೋಗುವ ದಾರಿ ಇರುವುದಿಲ್ಲ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹಾಗಾಗಿ ಇವೆರಡನ್ನು ಬೇಗ ಬೇರ್ಪಡಿಸಬೇಕು. ಅದಕ್ಕೆ ಸ್ವಲ್ಪ ಮೂತ್ರ, ಸ್ವಲ್ಪ ರಕ್ತ, ಫೋನಿನ ಕ್ಯಾಲ್ಕುಲೇಟರ್ ಇಷ್ಟಿದ್ದರೆ ಸಾಕು.

ಈ ಲೇಖನ ಹೌಸ್ ಸರ್ಜನ್‌ಗಳಿಗೆ, ತಾಲ್ಲೂಕು ಆಸ್ಪತ್ರೆಗಳ ಡ್ಯೂಟಿ ಡಾಕ್ಟರ್‌ಗಳಿಗೆ, ಐಸಿಯು ನರ್ಸ್‌ಗಳಿಗೆ. ಎಲ್ಲ ಬಗೆಯ ಕಿಡ್ನಿ ತೊಂದರೆಯನ್ನೂ ಇಲ್ಲಿ ಹೇಳಲು ಹೋಗಿಲ್ಲ. ಒಂದೇ ಸಂದರ್ಭ ತೆಗೆದುಕೊಂಡಿದ್ದೇನೆ. ರೋಗಿ ಮೊದಲೇ ಡೈಯೂರೆಟಿಕ್, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಂಡಿದ್ದರೆ ಏನು ಮಾಡಬೇಕು ಅನ್ನೋದು. ಬಿಪಿಗೋ ಹಾರ್ಟಿಗೋ ಈ ಮಾತ್ರೆ ನುಂಗುವ ವಯಸ್ಸಾದವರು ನಮ್ಮ ವಾರ್ಡುಗಳಲ್ಲಿ ತುಂಬಾ ಜನ. ಸೋಡಿಯಂ ಲೆಕ್ಕ ದಾರಿ ತಪ್ಪಿಸುವುದೂ ಇವರಲ್ಲೇ ಜಾಸ್ತಿ.

ಶೇಕಡಾ ಒಂದು ಅನ್ನುವ ಗೆರೆ ಎಲ್ಲಿಂದ ಬಂತು

ಹಂತಗಳಿಗೆ ಹೋಗುವ ಮುಂಚೆ ಇದೊಂದನ್ನು ಬಿಡಿಸಿ ಹೇಳಬೇಕು. ಇದು ಗೊತ್ತಿಲ್ಲದೆ ಬರೀ ಸಂಖ್ಯೆ ಬಾಯಿಪಾಠ ಮಾಡಿದರೆ ಕಷ್ಟದ ಕೇಸ್ ಬಂದಾಗ ಎಡವುತ್ತೀವಿ.

ಆರೋಗ್ಯವಂತರ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅದರಲ್ಲಿ ಸುಮಾರು 25,000 ಮಿಲಿಮೋಲ್ ಸೋಡಿಯಂ ಇರುತ್ತದೆ. ಮೂತ್ರದಲ್ಲಿ ಹೊರಗೆ ಹೋಗುವುದು, ನಾವು ತಿಂದ ಉಪ್ಪಿಗೆ ತಕ್ಕ ಹಾಗೆ, 100ರಿಂದ 150 ಮಿಲಿಮೋಲ್ ಅಷ್ಟೇ. ಉಳಿದದ್ದನ್ನು ನಾಳಗಳು ವಾಪಸ್ ಎಳೆದುಕೊಳ್ಳುತ್ತವೆ. ಸೋಸಿದ ಸೋಡಿಯಂನಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನೋದೇ ಫ್ರಾಕ್ಷನಲ್ ಎಕ್ಸ್‌ಕ್ರೀಷನ್, ಅಂದರೆ ಎಫ್‌ಇ. ಆರೋಗ್ಯವಂತರಲ್ಲಿ ಅದು ಸುಮಾರು ಅರ್ಧ ಶೇಕಡಾ.

ಇಲ್ಲೇ ಒಂದು ವಿಷಯ ಗಮನಿಸಿ. ಚೆನ್ನಾಗಿರುವವರ ಎಫ್‌ಇ ಸೋಡಿಯಂ ಕೂಡ ಒಂದಕ್ಕಿಂತ ಕಡಿಮೆಯೇ. ಹಾಗಾದರೆ ಒಂದಕ್ಕಿಂತ ಕಡಿಮೆ ಬಂದರೆ ಪ್ರೀರೀನಲ್ ಅಂತ ಹೇಗೆ ಹೇಳೋದು? ಕಿಡ್ನಿ ಸೋಸುವುದು ದಿಢೀರನೆ ಹತ್ತನೇ ಒಂದು ಭಾಗಕ್ಕೆ ಇಳಿಯಿತು ಅಂದುಕೊಳ್ಳಿ. ಈಗ ದಿನಕ್ಕೆ ಸೋಸುವ ಸೋಡಿಯಂ ಸುಮಾರು 2,500 ಮಿಲಿಮೋಲ್. ತಿಂದ ಉಪ್ಪು ಅಷ್ಟೇ ಇದ್ದು, ಅದನ್ನೆಲ್ಲ ಹೊರಗೆ ಹಾಕಬೇಕಾದರೆ ಎಫ್‌ಇ ಐದರ ಹತ್ತಿರ ಇರಬೇಕು. ಆದರೂ ಅದು ಒಂದಕ್ಕಿಂತ ಕೆಳಗೇ ಇದೆ ಅಂದರೆ ನಾಳಗಳು ಬದುಕಿವೆ, ಶಕ್ತಿ ಮೀರಿ ಉಪ್ಪನ್ನು ಎಳೆದುಕೊಳ್ಳುತ್ತಿವೆ ಅಂತ ಅರ್ಥ. ಅಂದರೆ ಈ ಗೆರೆಗೆ ಬೆಲೆ ಬರುವುದು ಕ್ರಿಯಾಟಿನಿನ್ ಹೊಸದಾಗಿ ಚೆನ್ನಾಗಿ ಏರಿದಾಗ, ಮೂತ್ರ ಕಡಿಮೆಯಾದಾಗ. ಕ್ರಿಯಾಟಿನಿನ್ 0.9 ಇದ್ದದ್ದು 1.3 ಆಗಿದೆ, ಮೂತ್ರ ಚೆನ್ನಾಗಿ ಹೋಗ್ತಾ ಇದೆ ಅನ್ನುವವರಲ್ಲಿ ಎಫ್‌ಇ ಸೋಡಿಯಂ 0.6 ಬಂದರೆ ಅದರಿಂದ ಏನೂ ತೀರ್ಮಾನ ಮಾಡಲಾಗದು.

ಮೊದಲೇ ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅವರ ಕಿಡ್ನಿ ಕಡಿಮೆ ಸೋಸುತ್ತದೆ, ಆದರೂ ತಿಂದ ಉಪ್ಪನ್ನೆಲ್ಲ ಹೊರಗೆ ಹಾಕಲೇಬೇಕು. ಹಾಗಾಗಿ ಅವರ ಎಫ್‌ಇ ಮಾಮೂಲಿ ದಿನದಲ್ಲೂ ಎರಡೋ ಮೂರೋ ಇರಬಹುದು. ಭೇದಿಯಾಗಿ ಒಣಗಿ ಬಂದಾಗಲೂ ಅದು ಬೇಗ ಒಂದಕ್ಕೆ ಇಳಿಯುವುದಿಲ್ಲ.

ಹಂತ 1: ಲೆಕ್ಕಕ್ಕೆ ಮುಂಚೆ ರೋಗಿಯನ್ನು ನೋಡಿ

ಮೊದಲು ಇದು ನಿಜವಾಗಿ ಅಕ್ಯೂಟ್ ಆಗಿ ಬಂದದ್ದಾ ಅಂತ ಖಚಿತ ಮಾಡಿಕೊಳ್ಳಿ. 2012ರ ಕೆಡಿಗೋ ಮಾರ್ಗಸೂಚಿಯ ಪ್ರಕಾರ ಮೂರರಲ್ಲಿ ಒಂದಾದರೂ ಇರಬೇಕು: 48 ಗಂಟೆಯಲ್ಲಿ ಕ್ರಿಯಾಟಿನಿನ್ 0.3 ಮಿಗ್ರಾಂ ಏರಬೇಕು, ಇಲ್ಲವೇ 7 ದಿನದಲ್ಲಿ ಮೊದಲಿದ್ದದ್ದರ ಒಂದೂವರೆ ಪಟ್ಟಾಗಬೇಕು, ಇಲ್ಲವೇ 6 ಗಂಟೆ ಕಾಲ ಮೂತ್ರ ಗಂಟೆಗೆ ಕೆಜಿಗೆ 0.5 ಮಿಲೀಗಿಂತ ಕಡಿಮೆ ಇರಬೇಕು. ಹಳೆಯ ರಿಪೋರ್ಟ್ ಕೇಳಿ. ಮನೆಯವರ ಕೈಯಲ್ಲಿರುವ ಪ್ಲಾಸ್ಟಿಕ್ ಕವರಿನಲ್ಲಿ ಮೂರು ತಿಂಗಳ ಹಿಂದಿನ ಒಂದು ಚೀಟಿ ಸಿಕ್ಕರೂ ಅದು ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿಕೊಂಡಿದ್ದರೆ ಎಫ್‌ಇ ಲೆಕ್ಕದಿಂದ ಅದು ತಿಳಿಯುವುದಿಲ್ಲ. ಅಡ್ಡಿ ಶುರುವಾದ ಹೊಸತರಲ್ಲಿ ಎಫ್‌ಇ ಸೋಡಿಯಂ ಒಂದಕ್ಕಿಂತ ಕಡಿಮೆಯೂ ಇರಬಹುದು. ಆಗ ಬೇಕಾಗಿರುವುದು ಕ್ಯಾತಿಟರ್, ಸಲೈನ್ ಅಲ್ಲ.

ಮಾತ್ರೆಗಳ ವಿಷಯ ಕೇಳುವಾಗ ಸುಮ್ನೆ "ಏನಾದ್ರೂ ಮಾತ್ರೆ ತಗೋತೀರಾ?" ಅಂದರೆ ಸಾಲದು. "ಅಮ್ಮಾ, ಕಾಲು ಊತಕ್ಕೆ, ಬಿಪಿಗೆ, ಶುಗರ್‌ಗೆ ಬೆಳಿಗ್ಗೆ ಯಾವ್ಯಾವ ಮಾತ್ರೆ ತಗೋತೀರಿ, ಇವತ್ತೂ ತಗೊಂಡ್ರಾ?" ಅಂತ ಬಿಡಿಸಿ ಕೇಳಿ. ಭೇದಿಯಾಗುತ್ತಿದ್ದರೂ ಮಾತ್ರೆ ತಪ್ಪಿಸಬಾರದು ಅಂತ ನುಂಗುತ್ತಲೇ ಇರುವವರು ತುಂಬಾ ಜನ. ಎಷ್ಟೋ ಬಿಪಿ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿಸಿಯೇ ಇರುತ್ತಾರೆ, ಅದೂ ಡೈಯೂರೆಟಿಕ್ಕೇ. ಸ್ಟ್ರಿಪ್ ತಿರುಗಿಸಿ ಹೆಸರು ಓದಿ.

ಹಂತ 2: ಸ್ಯಾಂಪಲ್ ಸರಿಯಾಗಿ ತೆಗೆಯಿರಿ

ಈ ಪರೀಕ್ಷೆ ಹೆಚ್ಚಾಗಿ ಕೆಡುವುದು ಲ್ಯಾಬಿನಲ್ಲಿ ಅಲ್ಲ, ಹಾಸಿಗೆಯ ಪಕ್ಕದಲ್ಲಿ.

ಸಾಧ್ಯವಾದರೆ ಸಲೈನ್ ಹಾಕುವ ಮುಂಚೆ, ಲ್ಯಾಸಿಕ್ಸ್ ಇಂಜೆಕ್ಷನ್ ಕೊಡುವ ಮುಂಚೆ ಮೂತ್ರ ತೆಗೆದಿಡಿ. ಒಂದು ಲೀಟರ್ ಸಲೈನ್ ಒಳಗೆ ಹೋದ ಮೇಲೆ ಮೂತ್ರದ ಸೋಡಿಯಂ ಏರಿದರೆ ಅದು ಕಿಡ್ನಿಯ ಕಥೆಯೋ ಬಾಟಲಿಯ ಕಥೆಯೋ ಹೇಳಲಾಗದು. ಆದರೆ ಬಿಪಿ ಕುಸಿದವರಿಗೆ ಸ್ಯಾಂಪಲ್ ಸಲುವಾಗಿ ಸಲೈನ್ ತಡ ಮಾಡಬೇಡಿ. ಎಮರ್ಜೆನ್ಸಿಯಲ್ಲಿ ಕ್ಯಾತಿಟರ್ ಹಾಕಿದ ತಕ್ಷಣ ಬರುವ ಮೊದಲ ಮೂತ್ರವನ್ನೇ ಒಂದು ಬಾಟಲಿಯಲ್ಲಿ ಹಿಡಿದಿಟ್ಟರೆ ಅರ್ಧ ತಲೆನೋವು ಕಡಿಮೆ.

ಕ್ಯಾತಿಟರ್ ಮೊದಲೇ ಇದ್ದರೆ ಯೂರೋಬ್ಯಾಗಿನ ಕೆಳಗಿನ ನಲ್ಲಿಯಿಂದ ತೆಗೆಯಬೇಡಿ. ಅಲ್ಲಿರುವುದು ರಾತ್ರಿಯಿಂದ ಸೇರಿದ ಮೂತ್ರ. ಅದರಲ್ಲಿ ನಾಲ್ಕು ಗಂಟೆಯ ಹಿಂದಿನದು ಇದೆ, ಲ್ಯಾಸಿಕ್ಸ್ ಕೊಟ್ಟ ಮೇಲಿನದು ಇದೆ, ಎಲ್ಲ ಬೆರೆತಿದೆ. ಕೊಳವೆಯಲ್ಲಿ ನಿಂತದ್ದನ್ನು ಬ್ಯಾಗಿಗೆ ಇಳಿಸಿ. ಸ್ಯಾಂಪಲ್ ಪೋರ್ಟಿನ ಕೆಳಗೆ ಕೊಳವೆಗೆ ಸ್ವಲ್ಪ ಹೊತ್ತು ಕ್ಲ್ಯಾಂಪ್ ಹಾಕಿ. ಹೊಸದಾಗಿ ಬಂದು ನಿಂತದ್ದನ್ನು ಪೋರ್ಟಿನಿಂದ ಸಿರಿಂಜಿನಲ್ಲಿ ಎಳೆದುಕೊಂಡು, ಕ್ಲ್ಯಾಂಪ್ ತೆಗೆಯಲು ಮರೆಯಬೇಡಿ.

ರಕ್ತವನ್ನೂ ಅದೇ ಹೊತ್ತಿಗೆ ತೆಗೆಯಿರಿ. ಬೆಳಿಗ್ಗೆಯ ರಕ್ತ, ಸಂಜೆಯ ಮೂತ್ರ ಸೇರಿಸಿ ಲೆಕ್ಕ ಹಾಕಬೇಡಿ.

ಚೀಟಿಯಲ್ಲಿ ಹೀಗೆ ಬರೆಯಿರಿ: ರಕ್ತದ ಸೋಡಿಯಂ, ಯೂರಿಯಾ, ಕ್ರಿಯಾಟಿನಿನ್, ಸ್ಪಾಟ್ ಮೂತ್ರದ ಸೋಡಿಯಂ, ಯೂರಿಯಾ, ಕ್ರಿಯಾಟಿನಿನ್. 24 ಗಂಟೆಯ ಮೂತ್ರ ಬೇಕಾಗಿಲ್ಲ. ಒಂದೇ ಮೂತ್ರದಲ್ಲಿರುವ ಸೋಡಿಯಂ ಮತ್ತು ಕ್ರಿಯಾಟಿನಿನ್‌ಗಳನ್ನು ಹೋಲಿಸುವುದರಿಂದ ಮೂತ್ರ ಎಷ್ಟು ಮಿಲೀ ಅನ್ನೋದು ಲೆಕ್ಕದಿಂದ ಹೊರಗೆ ಹೋಗಿಬಿಡುತ್ತದೆ. ಇನ್ನೊಂದು ಬಾಟಲಿಯಲ್ಲಿ ಸ್ವಲ್ಪ ತಾಜಾ ಮೂತ್ರವನ್ನು ಮೈಕ್ರೋಸ್ಕೋಪಿಗೆ ಕಳಿಸಿ. ಅದರ ಉಪಯೋಗ ಮುಂದೆ ಬರುತ್ತದೆ.

ಹಂತ 3: ಲೆಕ್ಕ

ಸೂತ್ರಗಳು ಇವು. U ಅಂದರೆ ಮೂತ್ರದ್ದು, P ಅಂದರೆ ರಕ್ತದ್ದು.

```
FENa (%)   = (UNa × PCr) / (PNa × UCr) × 100
FEUrea (%) = (UUrea × PCr) / (PUrea × UCr) × 100
```

ಇದನ್ನು ನೆನಪಿಡಲು ಸುಲಭವಾದ ದಾರಿಯೊಂದಿದೆ. ಮೊದಲು ಮೂತ್ರದ ಕ್ರಿಯಾಟಿನಿನ್ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸಿ. ಆಮೇಲೆ ಸೋಡಿಯಂಗೂ ಹಾಗೇ ಮಾಡಿ, ಯೂರಿಯಾಗೂ ಹಾಗೇ ಮಾಡಿ. ಸೋಡಿಯಂನ ಉತ್ತರವನ್ನು ಕ್ರಿಯಾಟಿನಿನ್‌ನ ಉತ್ತರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಫ್‌ಇ ಸೋಡಿಯಂ. ಯೂರಿಯಾದ್ದನ್ನು ಹಾಗೆ ಮಾಡಿದರೆ ಎಫ್‌ಇ ಯೂರಿಯಾ. ನನಗೆ ಈ ದಾರಿಯೇ ಇಷ್ಟ, ಯಾಕೆಂದರೆ ಕ್ರಿಯಾಟಿನಿನ್ ಎಷ್ಟು ಪಟ್ಟು ಗಟ್ಟಿಯಾಗಿದೆ ಅನ್ನೋದೂ ಕಣ್ಣಿಗೆ ಬೀಳುತ್ತದೆ. ಕಿಡ್ನಿ ನೀರು ಎಳೆದುಕೊಳ್ಳುತ್ತಿದ್ದರೆ ಅದು 40 ಪಟ್ಟೂ ಇರಬಹುದು. ನಾಳ ಕೆಟ್ಟಾಗ 20ಕ್ಕಿಂತ ಕೆಳಗೆ ಬೀಳುತ್ತದೆ.

ಈಗ ಯೂನಿಟ್. ಸೋಡಿಯಂ ಎರಡೂ ಕಡೆ ಲೀಟರಿಗೆ ಮಿಲಿಮೋಲ್‌ನಲ್ಲಿ ಬರುತ್ತದೆ, ತೊಂದರೆ ಇಲ್ಲ. ಕ್ರಿಯಾಟಿನಿನ್ ಎರಡೂ ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಇದೆಯಾ ನೋಡಿ. ಕಾಳಜಿ ಬೇಕಾಗಿರುವುದು ಯೂರಿಯಾದ ವಿಷಯದಲ್ಲಿ. ನಮ್ಮ ಲ್ಯಾಬುಗಳಲ್ಲಿ ಹೆಚ್ಚಾಗಿ ಬ್ಲಡ್ ಯೂರಿಯಾ ಕೊಡುತ್ತಾರೆ, ಕೆಲವು ಕಡೆ ಬಿಯುಎನ್ ಅಂದರೆ ಯೂರಿಯಾ ನೈಟ್ರೋಜನ್ ಕೊಡುತ್ತಾರೆ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಎರಡೂ ಕಡೆ ಒಂದೇ ಬಗೆ ಇದ್ದರೆ ಯಾವುದಾದರೂ ಸರಿ. ರಕ್ತದ್ದು ಒಂದು ಬಗೆ, ಮೂತ್ರದ್ದು ಇನ್ನೊಂದು ಬಗೆ ಆದರೆ ಉತ್ತರ ಎರಡು ಪಟ್ಟು ಹೆಚ್ಚಾಗುತ್ತದೆ, ಇಲ್ಲವೇ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ರೋಗನಿರ್ಣಯವೇ ತಲೆಕೆಳಗಾಗುತ್ತದೆ. ಅದು ಹೇಗೆ ಅಂತ ಕೆಳಗಿನ ಕೇಸಿನಲ್ಲಿ ತೋರಿಸುತ್ತೇನೆ.

ಹಂತ 4: ಯಾವುದನ್ನು ನಂಬಬೇಕು

ಎಫ್‌ಇ ಸೋಡಿಯಂ ಒಂದಕ್ಕಿಂತ ಕಡಿಮೆ ಇದ್ದರೆ ಪ್ರೀರೀನಲ್ ಕಡೆಗೆ, ಎರಡಕ್ಕಿಂತ ಜಾಸ್ತಿ ಇದ್ದರೆ ಎಟಿಎನ್ ಕಡೆಗೆ, ನಡುವೆ ಇದ್ದರೆ ಹೇಳಲಾಗದು. ಎಸ್ಪಿನೆಲ್ ಅನ್ನುವವರು 1976ರಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದರು. ಅವರು ನೋಡಿದ್ದು ಮೂತ್ರ ಕಡಿಮೆಯಾದ ಕೆಲವೇ ಕೆಲವು ರೋಗಿಗಳನ್ನು. ಅಂಥವರಲ್ಲಿ, ಡೈಯೂರೆಟಿಕ್ ಇಲ್ಲದಾಗ, ಹಳೇ ಕಿಡ್ನಿ ಕಾಯಿಲೆ ಇಲ್ಲದಾಗ ಇದು ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಡೈಯೂರೆಟಿಕ್ ಬಂದ ಕೂಡಲೇ ಆಟ ಬದಲಾಗುತ್ತದೆ. ಫ್ಯೂರೋಸಮೈಡ್, ಟಾರ್ಸೆಮೈಡ್ ಕೆಲಸ ಮಾಡುವುದು ಹೆನ್ಲೆ ಕುಣಿಕೆಯ ಮೇಲೇರುವ ದಪ್ಪ ಭಾಗದಲ್ಲಿ. ಅಲ್ಲಿ ಸೋಡಿಯಂ ವಾಪಸ್ ಹೋಗುವ ಬಾಗಿಲನ್ನೇ ಅವು ಮುಚ್ಚಿಬಿಡುತ್ತವೆ. ರೋಗಿ ಪೂರ್ತಿ ಒಣಗಿದ್ದರೂ, ನಾಳಗಳು ಚೆನ್ನಾಗಿದ್ದರೂ ಸೋಡಿಯಂ ಬಲವಂತವಾಗಿ ಮೂತ್ರಕ್ಕೆ ಹೋಗುತ್ತದೆ. ಎಫ್‌ಇ ಸೋಡಿಯಂ ಎರಡು, ಮೂರು ಅಂತ ಬರುತ್ತದೆ, ನಾವು ಎಟಿಎನ್ ಅಂತ ಬರೆದುಬಿಡುತ್ತೇವೆ.

ಯೂರಿಯಾದ ದಾರಿ ಬೇರೆ. ಅದರ ದೊಡ್ಡ ಪಾಲು ವಾಪಸ್ ಹೋಗುವುದು ನಾಳದ ಮೊದಲ ಭಾಗದಲ್ಲೇ, ಅಂದರೆ ಪ್ರಾಕ್ಸಿಮಲ್ ಟ್ಯೂಬ್ಯೂಲಿನಲ್ಲಿ. ಉಳಿದದ್ದರಲ್ಲಿ ಒಂದಷ್ಟು ಕೊನೆಯ ಭಾಗದಲ್ಲಿ, ವ್ಯಾಸೊಪ್ರೆಸಿನ್ ಹಾರ್ಮೋನಿನ ಪ್ರಭಾವದಲ್ಲಿ. ಮೈ ಒಣಗಿದಾಗ ಎರಡೂ ಕಡೆ ಎಳೆತ ಜಾಸ್ತಿಯಾಗುತ್ತದೆ. ಫ್ಯೂರೋಸಮೈಡ್ ಕೆಲಸ ಮಾಡುವ ಜಾಗ ಇವೆರಡರ ನಡುವೆ ಇರುವುದರಿಂದ ಯೂರಿಯಾದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ಎಫ್‌ಇ ಯೂರಿಯಾ 35ಕ್ಕಿಂತ ಕಡಿಮೆ ಆದರೆ ಪ್ರೀರೀನಲ್, 50ಕ್ಕಿಂತ ಜಾಸ್ತಿ ಆದರೆ ಎಟಿಎನ್ ಕಡೆಗೆ.

2002ರಲ್ಲಿ ಕಾರ್ವೂನಿಸ್ ಮತ್ತು ಸಂಗಡಿಗರು 102 ಕೇಸುಗಳಲ್ಲಿ ಇದನ್ನು ಪರೀಕ್ಷಿಸಿದರು. ಡೈಯೂರೆಟಿಕ್ ತಗೊಂಡ ಪ್ರೀರೀನಲ್ ರೋಗಿಗಳಲ್ಲಿ ಎಫ್‌ಇ ಸೋಡಿಯಂ ಒಂದಕ್ಕಿಂತ ಕಡಿಮೆ ಬಂದದ್ದು ಶೇ. 48 ಜನರಲ್ಲಿ ಮಾತ್ರ. ಎಫ್‌ಇ ಯೂರಿಯಾ ಅದೇ ಗುಂಪಿನಲ್ಲಿ ಶೇ. 89 ಜನರಲ್ಲಿ 35ಕ್ಕಿಂತ ಕೆಳಗಿತ್ತು. ಆದರೆ 2007ರಲ್ಲಿ ಪೆಪಿನ್ ಮತ್ತಿತರರು ಮಾಡಿದ ಅಧ್ಯಯನದಲ್ಲಿ ಫಲಿತಾಂಶ ಇಷ್ಟು ಚೆನ್ನಾಗಿರಲಿಲ್ಲ. ಡೈಯೂರೆಟಿಕ್ ತಗೊಂಡವರಲ್ಲಿ, ಕಿಡ್ನಿ ಒಳಗೇ ಕೆಟ್ಟಿದ್ದರೂ ಎಫ್‌ಇ ಯೂರಿಯಾ ಕಡಿಮೆ ಬಂದವರು ಬಹಳ ಜನ ಇದ್ದರು. ಹಾಗಾಗಿ ಎಫ್‌ಇ ಯೂರಿಯಾ ಕಡಿಮೆ ಬಂದಿದೆ ಅಂತ ಕಣ್ಣು ಮುಚ್ಚಿ ಸಲೈನ್ ಹರಿಸಬೇಡಿ. ಕಥೆ, ಪರೀಕ್ಷೆ, ಸಂಖ್ಯೆ ಮೂರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆಯಾ ನೋಡಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಡೈಯೂರೆಟಿಕ್ ತಗೊಂಡಿದ್ದರೂ ಎಫ್‌ಇ ಸೋಡಿಯಂ ಒಂದಕ್ಕಿಂತ ಕಡಿಮೆ ಬಂದರೆ ಅದಕ್ಕೆ ಬೆಲೆ ಇದೆ. ಮಾತ್ರೆ ಸೋಡಿಯಂ ಅನ್ನು ಹೊರಗೆ ತಳ್ಳುತ್ತಿದ್ದರೂ ಕಿಡ್ನಿ ಹಿಡಿದಿಟ್ಟುಕೊಂಡಿದೆ ಅಂದರೆ ಪ್ರೀರೀನಲ್ ಅನ್ನುವ ಅನುಮಾನ ಇನ್ನೂ ಬಲವಾಗುತ್ತದೆ. ಮಾತ್ರೆ ಕೆಡಿಸುವುದು ಜಾಸ್ತಿ ಬಂದ ಸಂಖ್ಯೆಯನ್ನು.

ಒಂದು ಕೇಸ್, ಲೆಕ್ಕದ ಸಮೇತ

ಇದು ಕಲಿಯಲು ಅನುಕೂಲವಾಗಲಿ ಅಂತ ಕಟ್ಟಿದ ಉದಾಹರಣೆ. 68 ವರ್ಷದ ಒಬ್ಬ ಅಜ್ಜಿ. ಹಾರ್ಟ್ ಸ್ವಲ್ಪ ವೀಕ್ ಅಂತ ಫ್ಯೂರೋಸಮೈಡ್ 40 ಮಿಗ್ರಾಂ, ಬಿಪಿಗೆ ಟೆಲ್ಮಿಸಾರ್ಟನ್ 40 ಮಿಗ್ರಾಂ. ಮೂರು ದಿನದಿಂದ ನೀರಿನಂಥ ಭೇದಿ, ಗಂಜಿ ಬಿಟ್ಟರೆ ಬೇರೇನೂ ಸೇರುತ್ತಿಲ್ಲ. ಇವತ್ತು ಬೆಳಿಗ್ಗೆಯೂ ಎರಡೂ ಮಾತ್ರೆ ತಗೊಂಡಿದ್ದಾರೆ. ಬಿಪಿ 96/60, ನಾಡಿ 108, ನಾಲಿಗೆ ಒಣಗಿದೆ, ಕಾಲಿನಲ್ಲಿ ಊತ ಇಲ್ಲ, ಶ್ವಾಸಕೋಶ ಸ್ವಚ್ಛ. ಸ್ಕ್ಯಾನಿನಲ್ಲಿ ಕಿಡ್ನಿಗಳ ಗಾತ್ರ ಸರಿಯಾಗಿದೆ, ಮೂತ್ರ ಕಟ್ಟಿಲ್ಲ. ಮೂರು ತಿಂಗಳ ಹಿಂದೆ ಕ್ರಿಯಾಟಿನಿನ್ 1.0 ಇತ್ತು.

ಈಗಿನ ರಕ್ತ: ಸೋಡಿಯಂ 134, ಯೂರಿಯಾ 128, ಕ್ರಿಯಾಟಿನಿನ್ 3.2. ಅದೇ ಹೊತ್ತಿನ ಮೂತ್ರ: ಸೋಡಿಯಂ 88, ಯೂರಿಯಾ 760, ಕ್ರಿಯಾಟಿನಿನ್ 96.

ಮೊದಲು ಕ್ರಿಯಾಟಿನಿನ್. 96 ಭಾಗಿಸು 3.2, ಅಂದರೆ 30 ಪಟ್ಟು. ಸೋಡಿಯಂ: 88 ಭಾಗಿಸು 134, ಅಂದರೆ 0.657. ಇದನ್ನು 30ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 2.2. ಇಲ್ಲಿಗೇ ನಿಲ್ಲಿಸಿದರೆ ಎಟಿಎನ್ ಅಂತ ಬರೆದು, ನೀರು ಕಡಿಮೆ ಮಾಡಿ, ಡಯಾಲಿಸಿಸ್ ಬೇಕಾಗಬಹುದು ಅಂತ ಮನೆಯವರಿಗೆ ಹೇಳಿಬಿಡುತ್ತಿದ್ದೆವು. ಈಗ ಯೂರಿಯಾ ನೋಡಿ. 760 ಭಾಗಿಸು 128, ಅಂದರೆ 5.94. 30ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 19.8. 35ಕ್ಕಿಂತ ಎಷ್ಟೋ ಕೆಳಗೆ.

ಸೋಡಿಯಂ ಒಂದು ಹೇಳಿತು, ಯೂರಿಯಾ ಇನ್ನೊಂದು ಹೇಳಿತು. ತೀರ್ಮಾನಕ್ಕೆ ರೋಗಿಯ ಹತ್ತಿರ ವಾಪಸ್ ಹೋಗಿ. ಒಣ ನಾಲಿಗೆ, ಓಡುವ ನಾಡಿ, ಮೂರು ದಿನದ ಭೇದಿ, ಬೆಳಿಗ್ಗೆಯ ಫ್ಯೂರೋಸಮೈಡ್. ಕ್ರಿಯಾಟಿನಿನ್ 30 ಪಟ್ಟು ಗಟ್ಟಿಯಾಗಿದೆ, ನೀರು ಎಳೆಯುವ ಶಕ್ತಿ ಇನ್ನೂ ಇದೆ. ಇಲ್ಲಿ ಯೂರಿಯಾದ ಮಾತು ನಂಬಬೇಕು.

ಹಾಗಾಗಿ ಫ್ಯೂರೋಸಮೈಡ್ ನಿಲ್ಲಿಸಿ, ಟೆಲ್ಮಿಸಾರ್ಟನ್ ನಿಲ್ಲಿಸಿ, ನೋವಿನ ಮಾತ್ರೆ ಯಾರೂ ಕೊಡದಂತೆ ಬರೆದಿಡಿ. ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಕೊಡಿ, ಆದರೆ ಹಾರ್ಟ್ ವೀಕ್ ಇರುವುದರಿಂದ 250 ಮಿಲೀ ಹಾಕಿ, ಬಿಪಿ, ಉಸಿರಾಟ, ಶ್ವಾಸಕೋಶದ ತಳದ ಸದ್ದು ನೋಡಿ, ಆಮೇಲೆ ಮುಂದಿನದು. ಗಂಟೆ ಗಂಟೆಯ ಮೂತ್ರ ಬರೆದಿಡಿ. ಲೆಕ್ಕ ಸರಿಯಾಗಿದ್ದರೆ ಮೊದಲ ದಿನವೇ ಮೂತ್ರ ಜಾಸ್ತಿಯಾಗಬೇಕು, ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಇಳಿಯಬೇಕು. ಪ್ರೀರೀನಲ್ ಅನ್ನುವುದಕ್ಕೆ ಕೊನೆಯ ಸಾಕ್ಷಿ ಅದೇ. ಮೈಗೆ ನೀರು ಸಾಕಾದ ಮೇಲೂ 72 ಗಂಟೆಯಲ್ಲಿ ಇಳಿಯದಿದ್ದರೆ, ಆ 19.8ಕ್ಕೆ ಅಂಟಿಕೊಂಡು ಕೂರಬೇಡಿ.

ಯೂನಿಟ್ ಮಾತಿಗೆ ಬರೋಣ. ಇದೇ ಅಜ್ಜಿಯ ರಕ್ತದ ರಿಪೋರ್ಟಿನಲ್ಲಿ ಯೂರಿಯಾ 128 ಬದಲು ಬಿಯುಎನ್ 60 ಅಂತ ಇತ್ತು, ಮೂತ್ರದ್ದು ಮಾತ್ರ ಯೂರಿಯಾ 760 ಅಂತಲೇ ಇತ್ತು ಅಂದುಕೊಳ್ಳಿ. ನೋಡದೆ ಲೆಕ್ಕ ಹಾಕಿದರೆ 760 ಭಾಗಿಸು 60, ಅಂದರೆ 12.7. 30ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 42. ಸ್ಪಷ್ಟವಾಗಿದ್ದ ಕೇಸ್ ಅನುಮಾನದ ಜಾಗಕ್ಕೆ ಹೋಯಿತು, ಅಲ್ವಾ? ಉಲ್ಟಾ ಆದರೂ ಅಷ್ಟೇ ಅಪಾಯ. ನಿಜವಾಗಿ ಕೆಟ್ಟ ಕಿಡ್ನಿಯೂ ಪ್ರೀರೀನಲ್ ತರಹ ಕಾಣುತ್ತದೆ. ಅನುಮಾನ ಬಂದರೆ ಲ್ಯಾಬಿಗೆ ಫೋನ್ ಮಾಡಿ ಕೇಳಿ.

ಅದೇ ಅಜ್ಜಿಗೆ ಎಟಿಎನ್ ಆಗಿದ್ದರೆ

ಬಿಪಿ ಇಡೀ ರಾತ್ರಿ ಕೆಳಗೇ ಇದ್ದು, ತಡವಾಗಿ ಬಂದಿದ್ದರು ಅಂತ ಇಟ್ಟುಕೊಳ್ಳಿ. ರಕ್ತದ ಸಂಖ್ಯೆಗಳು ಅವೇ. ಮೂತ್ರದಲ್ಲಿ ಸೋಡಿಯಂ 70, ಯೂರಿಯಾ 480, ಕ್ರಿಯಾಟಿನಿನ್ 22.4. ಈಗ ಕ್ರಿಯಾಟಿನಿನ್ ಗಟ್ಟಿಯಾಗಿರುವುದು ಬರೀ 7 ಪಟ್ಟು. ಎಫ್‌ಇ ಸೋಡಿಯಂ 7.5, ಎಫ್‌ಇ ಯೂರಿಯಾ 54. ಎರಡೂ ಒಂದೇ ಮಾತು ಹೇಳುತ್ತಿವೆ.

ಮೂತ್ರದ ಸೋಡಿಯಂ ಮೊದಲಿನ ಕೇಸಿಗಿಂತ ಕಡಿಮೆಯೇ ಇದೆ ನೋಡಿ, 88 ಇದ್ದದ್ದು 70. ಬರೀ ಮೂತ್ರದ ಸೋಡಿಯಂ ಸಂಖ್ಯೆ ಓದಿ ತೀರ್ಮಾನ ಮಾಡಬಾರದು ಅನ್ನುವುದು ಇದಕ್ಕೇ. ಕಿಡ್ನಿ ಎಷ್ಟು ನೀರು ಎಳೆದುಕೊಂಡಿದೆ ಅನ್ನೋದರ ಮೇಲೆ ಅದೇ ಸೋಡಿಯಂ ಗಟ್ಟಿಯೋ ತೆಳುವೋ ಆಗುತ್ತದೆ. ಕ್ರಿಯಾಟಿನಿನ್ ಜೊತೆಗಿಟ್ಟು ನೋಡಿದಾಗ ಮಾತ್ರ ನಿಜ ಗೊತ್ತಾಗುತ್ತದೆ.

ಈಗ ಮೈಕ್ರೋಸ್ಕೋಪ್. ತಾಜಾ ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ಐದು ನಿಮಿಷ ತಿರುಗಿಸಿ, ಮೇಲಿನದನ್ನು ಚೆಲ್ಲಿ, ತಳದಲ್ಲಿ ಕೂತದ್ದರ ಒಂದು ಹನಿಯನ್ನು ಸ್ಲೈಡಿಗೆ ಹಾಕಿ, ಬೆಳಕು ಸ್ವಲ್ಪ ಕಡಿಮೆ ಮಾಡಿ ನೋಡಿ. ಎಟಿಎನ್‌ನಲ್ಲಿ ಕೆಸರು ಬಣ್ಣದ, ತರಿತರಿಯಾದ, ಉದ್ದುದ್ದ ತುಂಡುಗಳು ಕಾಣುತ್ತವೆ. ಅಂಚು ಒರಟು, ಒಳಗೆಲ್ಲ ಕಂದು ಕಣ. ಇವೇ ಗ್ರ್ಯಾನ್ಯುಲರ್ ಕ್ಯಾಸ್ಟ್‌ಗಳು. ಪಕ್ಕದಲ್ಲಿ ನಾಳದ ಗೋಡೆಯಿಂದ ಕಳಚಿದ, ದುಂಡು ನ್ಯೂಕ್ಲಿಯಸ್ ಇರುವ ಜೀವಕೋಶಗಳೂ ತೇಲುತ್ತಿರುತ್ತವೆ. ಪ್ರೀರೀನಲ್‌ನಲ್ಲಿ ಸ್ಲೈಡ್ ಹೆಚ್ಚುಕಡಿಮೆ ಖಾಲಿ, ಅಲ್ಲೊಂದು ಇಲ್ಲೊಂದು ಗಾಜಿನಂಥ ಹಯಲೈನ್ ಕ್ಯಾಸ್ಟ್ ಅಷ್ಟೇ. ಎಫ್‌ಇ ಸಂಖ್ಯೆ ನಡುವೆ ಎಲ್ಲೋ ಸಿಕ್ಕಿಕೊಂಡಾಗ ನಾನು ನಂಬುವುದು ಈ ಸ್ಲೈಡನ್ನು. ಯಾರೋ ನೋಡಿ ಹೇಳಲಿ ಅಂತ ಬಿಡದೆ ನೀವೇ ಹೋಗಿ ನೋಡಿ. ಮೂತ್ರ ಎರಡು ಗಂಟೆಗಿಂತ ಹಳೆಯದಾದರೆ ಕ್ಯಾಸ್ಟ್‌ಗಳು ಕರಗಲು ಶುರುವಾಗುತ್ತವೆ.

ಎರಡೂ ಸಂಖ್ಯೆ ಸುಳ್ಳು ಹೇಳುವ ಜಾಗಗಳು

ಎಫ್‌ಇ ಸೋಡಿಯಂ ಕಡಿಮೆ ಇದ್ದರೂ ಬಾಟಲಿ ಹರಿಸುವುದು ಪರಿಹಾರವಲ್ಲದ ಸಂದರ್ಭಗಳು ಇವೆ. ಕಾಂಟ್ರಾಸ್ಟ್ ಡೈ ಕೊಟ್ಟ ಮೇಲೆ ಕಿಡ್ನಿ ಕೆಟ್ಟರೆ, ಮೂತ್ರದಲ್ಲಿ ರಕ್ತದ ಕ್ಯಾಸ್ಟ್ ಕಾಣುವ ಗ್ಲೊಮೆರ್ಯುಲೋನೆಫ್ರೈಟಿಸ್‌ನಲ್ಲಿ, ಲಿವರ್ ಸಿರೋಸಿಸ್‌ನವರ ಹೆಪಟೋರೀನಲ್‌ನಲ್ಲಿ, ಹಾರ್ಟ್ ಫೇಲ್ಯೂರ್‌ನಲ್ಲಿ ಒಂದಕ್ಕಿಂತ ಕಡಿಮೆ ಬರಬಹುದು. ಇದರಲ್ಲಿ ಹಾರ್ಟ್ ಫೇಲ್ಯೂರ್ ಬಗ್ಗೆ ಎಚ್ಚರ ಜಾಸ್ತಿ ಬೇಕು. ಕಿಡ್ನಿಗೆ ರಕ್ತ ಸಾಲದು ಅನ್ನೋದು ನಿಜ, ಆದರೆ ಮೈಯಲ್ಲಿ ನೀರು ತುಂಬಿದೆ. ಕತ್ತಿನ ರಕ್ತನಾಳ ಉಬ್ಬಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುವವರಲ್ಲಿ ಎಫ್‌ಇ ಸೋಡಿಯಂ 0.4 ಬಂದರೂ ಅವರಿಗೆ ಬೇಕಾಗಿರುವುದು ಲ್ಯಾಸಿಕ್ಸೇ.

ಎಫ್‌ಇ ಯೂರಿಯಾಗೂ ಅದರದ್ದೇ ತೊಂದರೆಗಳಿವೆ. ಮ್ಯಾನಿಟಾಲ್ ಕೊಟ್ಟಿದ್ದರೆ, ಶುಗರ್ ತುಂಬಾ ಏರಿ ಮೂತ್ರದಲ್ಲಿ ಗ್ಲೂಕೋಸ್ ಸುರಿಯುತ್ತಿದ್ದರೆ ಯೂರಿಯಾ ಕೂಡ ಅದರ ಜೊತೆ ಹೊರಗೆ ಹೋಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರಲ್ಲಿ ರಕ್ತದ ಶುಗರ್ ಸರಿಯಾಗಿದ್ದರೂ ಮೂತ್ರದಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ, ಅವರಲ್ಲಿ ಎರಡೂ ಸಂಖ್ಯೆಗಳನ್ನು ಹುಷಾರಾಗಿ ಓದಿ. ಸೆಪ್ಸಿಸ್‌ನಲ್ಲಿ ಯೂರಿಯಾ ಸಾಗಿಸುವ ವ್ಯವಸ್ಥೆಯೇ ಏರುಪೇರಾಗುತ್ತದೆ. ಅಲ್ಲಿ ಎಫ್‌ಇ ಯೂರಿಯಾ ಮೇಲೆ ಭಾರ ಹಾಕಬೇಡಿ.

ವಾಂತಿ ಜಾಸ್ತಿಯಾಗಿ ರಕ್ತದ ಬೈಕಾರ್ಬನೇಟ್ ಏರಿದವರಲ್ಲಿ, ಹೊರಗೆ ಹೋಗುವ ಬೈಕಾರ್ಬನೇಟ್ ತನ್ನ ಜೊತೆ ಸೋಡಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಅವರಿಗೆ ಮೂತ್ರದ ಕ್ಲೋರೈಡ್ ಕಳಿಸಿ. ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆ ಬಂದರೆ ಮೈ ಒಣಗಿದೆ ಅಂತಲೇ ಅರ್ಥ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಕೆಲಸ ಮಾಡುವವರು ಇಲಿಜ್ವರವನ್ನು ನೆನಪಿನಲ್ಲಿಡಿ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರು ಜ್ವರ, ಮೀನಖಂಡದ ನೋವು, ಕೆಂಪು ಕಣ್ಣಿನ ಜೊತೆ ಏರಿದ ಕ್ರಿಯಾಟಿನಿನ್ ತಗೊಂಡು ಬರುತ್ತಾರೆ. ಲೆಪ್ಟೊಸ್ಪೈರಾ ನಾಳಗಳಿಗೇ ಪೆಟ್ಟು ಕೊಟ್ಟು ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಸೋರಿಸುತ್ತದೆ. ಮೂತ್ರ ಎಷ್ಟೋ ಸಲ ಕಡಿಮೆಯಾಗುವುದೇ ಇಲ್ಲ. ಕಿಡ್ನಿ ಕೆಟ್ಟಿದ್ದರೂ ರಕ್ತದ ಪೊಟ್ಯಾಸಿಯಂ ಕಡಿಮೆ ಇರುವುದು ಇದರ ಒಂದು ಗುರುತು. ಇವರಲ್ಲಿ ಎಫ್‌ಇ ಸೋಡಿಯಂ ಜಾಸ್ತಿ ಬಂತು ಅಂತ ಸಲೈನ್ ನಿಲ್ಲಿಸಿಬಿಟ್ಟರೆ ಇನ್ನೂ ಒಣಗುತ್ತಾರೆ. ಸೋರುತ್ತಿರುವುದನ್ನು ತುಂಬಿಕೊಡಬೇಕು, ಪೊಟ್ಯಾಸಿಯಂ ನೋಡುತ್ತಿರಬೇಕು, ಆಂಟಿಬಯಾಟಿಕ್ ತಡ ಮಾಡಬಾರದು.

ಕೇಸ್ ಶೀಟಿನಲ್ಲಿ ಬರೆಯುವುದು

ಬರೀ "ಎಫ್‌ಇ ಸೋಡಿಯಂ 2.2" ಅಂತ ಬರೆದರೆ ಮುಂದಿನ ಪಾಳಿಯವರಿಗೆ ಅದರಿಂದ ಉಪಯೋಗವಿಲ್ಲ. ಮೂತ್ರ ತೆಗೆದ ಸಮಯ, ಕೊನೆಯ ಡೈಯೂರೆಟಿಕ್ ಯಾವುದು, ಎಷ್ಟು ಗಂಟೆಗೆ, ಅಷ್ಟರೊಳಗೆ ಎಷ್ಟು ಮಿಲೀ ಸಲೈನ್ ಹೋಗಿತ್ತು, ಆರು ಮೂಲ ಸಂಖ್ಯೆಗಳು ಯೂನಿಟ್ ಸಮೇತ, ಸ್ಲೈಡಿನಲ್ಲಿ ಕಂಡದ್ದು, ಇಷ್ಟನ್ನೂ ಬರೆಯಿರಿ. ನೆಫ್ರಾಲಜಿಸ್ಟ್‌ಗೆ ಫೋನ್ ಮಾಡಿದಾಗ ಮೊದಲು ಕೇಳುವುದೂ ಇವನ್ನೇ. ಪೊಟ್ಯಾಸಿಯಂ 6.5ರ ಹತ್ತಿರ ಹೋಗುತ್ತಿದ್ದರೆ, ಇಸಿಜಿ ಬದಲಾಗಿದ್ದರೆ, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ, ಇಲ್ಲವೇ ಮಂಪರು ಶುರುವಾಗಿದ್ದರೆ ಈ ಯಾವ ರಿಪೋರ್ಟಿಗೂ ಕಾಯದೆ, ಪೊಟ್ಯಾಸಿಯಂ ಏರಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಶುರು ಮಾಡಿ, ಡಯಾಲಿಸಿಸ್ ಇರುವ ಕಡೆಗೆ ಆಂಬುಲೆನ್ಸ್ ಕರೆಸಿ.